ಜಾಗತೀಕರಣ ಮತ್ತು ಗ್ಲೋಕಲೀಕರಣ: ಮುಳಬಾಗಿಲಿನಿಂದ ಬೆಂಗಳೂರಿನವರೆಗೆ

ಸರಕು, ಬಂಡವಾಳ, ತಂತ್ರಜ್ಞಾನ, ದುಡಿಮೆ ಇವೆಲ್ಲ ದೇಶದ ಗಡಿ ದಾಟಿ ಒಂದೇ ಮಾರುಕಟ್ಟೆಯೊಳಗೆ ಸೇರಿಕೊಳ್ಳುವುದನ್ನು ಜಾಗತೀಕರಣ ಎನ್ನುತ್ತಾರೆ. ಹಾಗೆ ಹೊರಗಿನಿಂದ ಬಂದದ್ದು ಒಂದು ಊರಿನ ನಾಲಿಗೆಗೆ, ಜೇಬಿಗೆ, ಹಬ್ಬಹುಣ್ಣಿಮೆಗೆ, ಮಾತಿಗೆ ತಕ್ಕಂತೆ ರೂಪ ಬದಲಿಸಿಕೊಂಡರೆ ಅದು ಗ್ಲೋಕಲೀಕರಣ. ಈ ಪರಿಕಲ್ಪನೆಯನ್ನು 1990ರ ದಶಕದಲ್ಲಿ ಸಮಾಜಶಾಸ್ತ್ರದಲ್ಲಿ ಬೆಳೆಸಿದವರು ರೋಲೆಂಡ್ ರಾಬರ್ಟ್‌ಸನ್. ಬೇಸಾಯದ ಕ್ರಮವನ್ನು ಆಯಾ ನೆಲಕ್ಕೆ ಒಗ್ಗಿಸುವುದಕ್ಕೆ ಜಪಾನಿನಲ್ಲಿದ್ದ ‘ದೊಚಕುಕ’ ಎಂಬ ಮಾತನ್ನು ಅಲ್ಲಿನ ಕಂಪನಿಗಳು ಹೊರದೇಶದ ವ್ಯಾಪಾರಕ್ಕೂ ಬಳಸುತ್ತಿದ್ದವು. ರಾಬರ್ಟ್‌ಸನ್ ತಮ್ಮ ವಿಚಾರವನ್ನು ಅಲ್ಲಿಂದ ಎತ್ತಿಕೊಂಡರು. ಜಗತ್ತೆಲ್ಲ ಒಂದೇ ಅಚ್ಚಿಗೆ ಬೀಳುತ್ತದೆ ಎಂದು ಅಮೆರಿಕದ ಜಾರ್ಜ್ ರಿಟ್ಜರ್ ವಾದಿಸುತ್ತಿದ್ದ ಕಾಲವದು. ರಾಬರ್ಟ್‌ಸನ್ ಅದಕ್ಕೆ ಎದುರಾಗಿ, ಜಾಗತಿಕವಾದದ್ದು ಸ್ಥಳೀಯವಾದದ್ದರ ಮೂಲಕವೇ ನಡೆಯುತ್ತದೆ ಎಂದರು.

ಎರಡೂ ವಾದದಲ್ಲಿ ಸತ್ಯವಿದೆ. ಆದರೆ ಎರಡೂ ಬಿಟ್ಟುಬಿಡುವ ಪ್ರಶ್ನೆಯೊಂದಿದೆ: ಒಗ್ಗಿಕೊಳ್ಳುವ ಕೆಲಸ ಯಾರದು? ಕಂಪನಿ ಊರಿಗೆ ಒಗ್ಗುತ್ತದೆಯೋ, ಊರಿನವರು ಕಂಪನಿಗೆ ಒಗ್ಗುತ್ತಾರೋ? ಕೋಲಾರ ಜಿಲ್ಲೆಯ ಮುಳಬಾಗಿಲು ಈ ಪ್ರಶ್ನೆಯನ್ನು ಕೇಳಲು ತಕ್ಕ ಜಾಗ. ಬೆಂಗಳೂರಿನಿಂದ ತಿರುಪತಿ, ಚೆನ್ನೈ ಕಡೆಗೆ ಹೋಗುವ ಹೆದ್ದಾರಿ ಈ ಊರನ್ನು ಹಾದು ನಂಗಲಿಯ ಗಡಿ ದಾಟಿ ಆಂಧ್ರಕ್ಕೆ ಇಳಿಯುತ್ತದೆ. ಹೊರಗಿನ ಸರಕು ಈ ದಾರಿಯಲ್ಲಿ ಊರಿಗೆ ಬರುತ್ತದೆ, ಊರಿನ ಹುಡುಗರು ಹುಡುಗಿಯರು ಇದೇ ದಾರಿಯಲ್ಲಿ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ.

ಹಳೆಯ ಜಾಗತೀಕರಣ

ಕೋಲಾರ ಸೀಮೆಗೆ ಹೊರಜಗತ್ತು 1991ರ ಆರ್ಥಿಕ ಉದಾರೀಕರಣದ ನಂತರ ಬಂದದ್ದಲ್ಲ. ಇಲ್ಲಿನ ಮುದ್ದೆಯ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದ ಧಾನ್ಯ. ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗಡ್ಡೆ, ಇಂದು ಜಿಲ್ಲೆಯ ಹೆಸರಿಗೇ ಅಂಟಿಕೊಂಡಿರುವ ಟೊಮೆಟೊ ಮೂರೂ ಅಮೆರಿಕ ಖಂಡದವು. ರೇಷ್ಮೆಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪ್ರೋತ್ಸಾಹ ದೊರೆಯಿತು. ಆಮೇಲೆ ಜಪಾನಿನ ತಳಿಗಳನ್ನು ಮೈಸೂರು ತಳಿಯೊಂದಿಗೆ ಬೆರೆಸಿ ನಮ್ಮ ಹವೆಗೆ ತಾಳುವ ಮಿಶ್ರತಳಿ ಬಂತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರ ಚಿನ್ನದ ಗಣಿಗೆ ಕಾಲಿಟ್ಟಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹಳ್ಳಿಪಟ್ಟಣಗಳನ್ನೆಲ್ಲ ದಾಟಿ ಮೊದಲು ಗಣಿಯನ್ನೇ ಸೇರಿತು, 2001ರಲ್ಲಿ ಗಣಿ ಮುಚ್ಚಿತು.

ಈ ಹಳೆಯ ಬೆಳೆಗಳಿಗೂ ಇಂದಿನ ಸರಕುಗಳಿಗೂ ಒಂದು ವ್ಯತ್ಯಾಸವಿದೆ. ರಾಗಿಯಾಗಲಿ ಮೆಣಸಿನಕಾಯಿಯಾಗಲಿ ಬಂದ ಮೇಲೆ ಅದರ ಹಿಂದೆ ಒಡೆಯನಿರಲಿಲ್ಲ. ರೈತ ಬೀಜವನ್ನು ಕಟ್ಟಿಟ್ಟುಕೊಂಡ, ತನಗೆ ಬೇಕಾದಂತೆ ಬೆಳೆದ. ಇಂದಿನ ಸರಕಿನ ಹಿಂದೆ ಕಂಪನಿ, ಪೇಟೆಂಟು, ಟ್ರೇಡ್‌ಮಾರ್ಕು ಇರುತ್ತವೆ. ಕರ್ನಾಟಕ ರಾಜ್ಯ ರೈತ ಸಂಘ ಎತ್ತಿದ ತಕರಾರು ಇದರ ಬಗ್ಗೆಯೇ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟರು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದಾಗ ಅದರ ವಿರುದ್ಧವೂ ಚಳವಳಿ ನಡೆಯಿತು, 1996ರ ಜನವರಿಯಲ್ಲಿ ಮಳಿಗೆಯ ಮೇಲೆ ದಾಳಿಯಾಯಿತು. ಆ ದಾರಿಯನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ಬೀಜದ ಮೇಲಿನ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಕರ್ನಾಟಕ ಬಹಳ ಬೇಗ ಕೇಳಿತು. ಇಂದು ಕೋಲಾರದ ಟೊಮೆಟೊ ತೋಟಗಳಲ್ಲಿ ಇರುವುದು ಬಹುಪಾಲು ಹೈಬ್ರಿಡ್ ತಳಿ. ಅದರ ಹಣ್ಣಿನಿಂದ ತೆಗೆದ ಬೀಜ ಮುಂದಿನ ಬೆಳೆಗೆ ಅದೇ ಗುಣ ಕೊಡುವುದಿಲ್ಲವಾದ್ದರಿಂದ ರೈತ ಪ್ರತಿಸಲವೂ ಬೀಜದ ಪೊಟ್ಟಣವನ್ನೋ ನರ್ಸರಿಯ ಸಸಿಯನ್ನೋ ಕೊಳ್ಳಬೇಕು.

ಕಂಪನಿ ಒಗ್ಗಿದಾಗ, ಬೀದಿ ಒಗ್ಗಿಸಿಕೊಂಡಾಗ

ಗ್ಲೋಕಲೀಕರಣಕ್ಕೆ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಮೆಕ್‌ಡೊನಾಲ್ಡ್ಸ್. 1996ರಲ್ಲಿ ದೆಹಲಿಯಲ್ಲಿ ತೆರೆದಾಗ ಅದು ದನದ ಮಾಂಸ, ಹಂದಿಮಾಂಸಗಳನ್ನು ಕೈಬಿಟ್ಟಿತು, ಸಸ್ಯಾಹಾರಕ್ಕೆ ಬೇರೆ ಅಡುಗೆಕಟ್ಟೆ ಮಾಡಿತು, ಆಮೇಲೆ ಆಲೂ ಟಿಕ್ಕಿಯನ್ನು ಬನ್ನಿನೊಳಗೆ ಇಟ್ಟಿತು. ಮುಳಬಾಗಿಲಿನ ಅಂಗಡಿಯಲ್ಲಿ ಕಾಣುವ ಹೊಂದಾಣಿಕೆ ಇದಕ್ಕಿಂತ ಚಿಕ್ಕದು, ಹೆಚ್ಚು ವ್ಯಾಪಕವಾದದ್ದು: ಬಾಗಿಲಿಗೆ ತೂಗುಬಿಟ್ಟ ಶಾಂಪೂ ಸ್ಯಾಷೆಯ ಸರ. ಸ್ಯಾಷೆಯನ್ನು ಹಳ್ಳಿಗಳಿಗೆ ಮುಟ್ಟಿಸಿದ್ದು ಬಹುರಾಷ್ಟ್ರೀಯ ಕಂಪನಿಯಲ್ಲ. ತಮಿಳುನಾಡಿನ ಕಡಲೂರಿನ ಒಂದು ಕುಟುಂಬ ಅದನ್ನು ಬೆಳೆಸಿತು, 1980ರ ದಶಕದಲ್ಲಿ ಅವರ ಚಿಕ್ ಶಾಂಪೂ ದಕ್ಷಿಣದಲ್ಲೆಲ್ಲ ಹರಡಿತು. ದಿನಗೂಲಿಯವರು ವಾರಕ್ಕೊಂದು ಸಲ ತಲೆಗೆ ನೀರು ಹಾಕಿಕೊಳ್ಳುವಾಗ ಕೊಳ್ಳುವಷ್ಟೇ ಅಳತೆಯಲ್ಲಿ ಸರಕನ್ನು ಕಟ್ಟಬೇಕು ಎಂಬುದನ್ನು ದೊಡ್ಡ ಕಂಪನಿಗಳು ಇವರಿಂದ ಕಲಿತವು.

ಇಲ್ಲಿ ಒಗ್ಗಿಕೊಂಡದ್ದು ಕಂಪನಿ. ಕಂಪನಿಯೇ ಇಲ್ಲದೆ ಬೀದಿ ತಾನಾಗಿ ಒಗ್ಗಿಸಿಕೊಂಡದ್ದಕ್ಕೆ ಗೋಬಿ ಮಂಚೂರಿಗಿಂತ ಒಳ್ಳೆಯ ನಿದರ್ಶನ ಕರ್ನಾಟಕದಲ್ಲಿಲ್ಲ. ಮಂಚೂರಿಯ ಹುಟ್ಟು ಚೀನಾದಲ್ಲಲ್ಲ, ಮುಂಬಯಿಯಲ್ಲಿ. ಕಲ್ಕತ್ತೆಯ ಚೀನೀ ಮನೆತನದ ಅಡುಗೆಯವರಾದ ನೆಲ್ಸನ್ ವಾಂಗ್ 1975ರಲ್ಲಿ ಅಲ್ಲಿ ಅದನ್ನು ಕೋಳಿಮಾಂಸದಲ್ಲಿ ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು, ಹೋಟೆಲಿನಿಂದ ತಳ್ಳುಗಾಡಿಗೆ ಇಳಿದದ್ದು, ಪ್ರತಿ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಪಕ್ಕ ಸಂಜೆ ಐದರ ಮೇಲೆ ಕಾಣತೊಡಗಿದ್ದು ಆಮೇಲಿನ ಕಥೆ.

ಗಾಡಿಯವನ ಕೆಲಸ ಹೀಗಿರುತ್ತದೆ. ಹೂಕೋಸನ್ನು ಬಿಡಿಸಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಾನೆ. ಹುಳು ಬಿಡುತ್ತದೆ, ಹೂ ಅರೆಬೇಯುತ್ತದೆ. ಮೈದಾ, ಕಾರ್ನ್‌ಫ್ಲೋರ್, ಖಾರದಪುಡಿ ಕಲಸಿದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುತ್ತಾನೆ. ಕಾರ್ನ್‌ಫ್ಲೋರ್ ಕಡಿಮೆಯಾದರೆ ಗರಿ ನಿಲ್ಲುವುದಿಲ್ಲ, ಸಾಸಿಗೆ ಬಿದ್ದ ಕೂಡಲೇ ಮೆತ್ತಗಾಗುತ್ತದೆ. ಬಾಣಲೆ ಹೊಗೆಯೇಳುವಷ್ಟು ಕಾದ ಮೇಲೆ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ದಪ್ಪಮೆಣಸಿನಕಾಯಿ; ಹಿಂದೆಯೇ ಸೋಯಾ ಸಾಸು, ಚಿಲ್ಲಿ ಸಾಸು, ಟೊಮೆಟೊ ಸಾಸು. ಕರಿದ ಗೋಬಿಯನ್ನು ಹಾಕಿ ನಾಲ್ಕು ಸಲ ಎತ್ತಿ ಹಾಕಿದರೆ ಮುಗಿಯಿತು. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಚುಚ್ಚಿಕೊಳ್ಳಲು ಕಡ್ಡಿ. ಸೋಯಾ ಸಾಸು ಚೀನಾದ ಬಗೆ, ಕಾರ್ನ್‌ಫ್ಲೋರ್ ಅಮೆರಿಕದ ಜೋಳದ್ದು, ಹೂಕೋಸು ಬ್ರಿಟಿಷರ ಕಾಲದಲ್ಲಿ ಬಂದ ತರಕಾರಿ. ಇಷ್ಟಿದ್ದರೂ ಈ ತಿನಿಸು ಚೀನಾದವರಿಗಾಗಲಿ ಅಮೆರಿಕದವರಿಗಾಗಲಿ ಪರಿಚಯದ್ದಲ್ಲ. ಕೊಳ್ಳುವವರು, ಮಾಡುವವರು ಇಬ್ಬರೂ ಊರಿನವರೇ ಆದ್ದರಿಂದ ರುಚಿಯನ್ನು ತೀರ್ಮಾನಿಸುವ ಅಧಿಕಾರ ಹೊರಗೆ ಹೋಗಲೇ ಇಲ್ಲ.

ಯಜಮಾನ ಕಂಪನಿ ಇಲ್ಲದ ಸರಕಿಗೆ ಗುಣಮಟ್ಟ ನೋಡುವವರೂ ಇರುವುದಿಲ್ಲ ಎಂಬುದು ಇದರ ಇನ್ನೊಂದು ಮುಖ. ಗೋಬಿಯ ಕೆಂಪು ಬಣ್ಣ ಮೊದಲು ಬ್ಯಾಡಗಿ ಮೆಣಸಿನಕಾಯಿಯದ್ದಾಗಿರಬಹುದು. ಅಗ್ಗದ ಬಣ್ಣದಪುಡಿ ಅದರ ಜಾಗ ಹಿಡಿಯಿತು. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಪಾಯಕಾರಿ ಕೃತಕ ಬಣ್ಣ ಕಂಡಿತು, 2024ರ ಮಾರ್ಚಿನಲ್ಲಿ ಸರ್ಕಾರ ಅಂಥ ಬಣ್ಣಗಳನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ತಟ್ಟೆಗೆ ಬಂದಿತ್ತು. ಗಿರಾಕಿ ಸುಲಭವಾಗಿ ಗುರುತಿಸಬಹುದಾದ ಲಕ್ಷಣವೂ ಒಂದಿದೆ: ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತದೆ, ಸಾಸು ಬೆರೆತ ಮೇಲೆ ಕಂದಾಗುತ್ತದೆ, ಹೊಳೆಯುವ ಗುಲಾಬಿಗೆಂಪು ಬೆರಳಿಗೆ ಅಂಟಿ ತೊಳೆದರೂ ಹೋಗದಿದ್ದರೆ ಅದನ್ನು ತಿನ್ನದಿರುವುದೇ ಲೇಸು.

ಮುಳಬಾಗಿಲು ದೋಸೆ ಎದುರು ದಿಕ್ಕಿನಲ್ಲಿ ಪಯಣಿಸಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾಗಿ, ದಪ್ಪಗೆ, ಸಣ್ಣ ಉರಿಯಲ್ಲಿ ತುಪ್ಪ ಸುರಿದು ಬೇಯಿಸಿದ ಈ ದೋಸೆಯ ಹೊರಗೆ ಗರಿ, ಒಳಗೆ ಮೆದು. ಮೇಲೆ ಕೆಂಪು ಚಟ್ನಿ, ಪಲ್ಯ. ಬೆಂಗಳೂರಿನಲ್ಲಿ ಈಗ ‘ಮುಳಬಾಗಿಲು ದೋಸೆ’ ಎಂಬ ಫಲಕಗಳು ಎಷ್ಟೋ ಬಡಾವಣೆಗಳಲ್ಲಿವೆ. ಐಟಿ ಕಂಪನಿಗಳ ಸುತ್ತ ಬೆಳೆದ ನಗರದಲ್ಲಿ ದೇಶದ ಮೂಲೆಮೂಲೆಯಿಂದ ಬಂದವರಿಗೆ ಊರಿನ ಹೆಸರೇ ಮಾರಾಟದ ಗುರುತಾಗುತ್ತದೆ, ಹಾಗಾಗಿ ದಾವಣಗೆರೆ ಬೆಣ್ಣೆದೋಸೆಯಂತೆ ಇದಕ್ಕೂ ಬೆಲೆ ಬಂತು. ಜಾಗತೀಕರಣ ಸ್ಥಳೀಯವಾದದ್ದನ್ನು ಅಳಿಸುವುದಷ್ಟೇ ಅಲ್ಲ, ಸ್ಥಳೀಯ ಎಂಬ ಪಟ್ಟಿ ಹಚ್ಚಿ ಮಾರುವುದೂ ಉಂಟು ಎಂದು ರಾಬರ್ಟ್‌ಸನ್ ಹೇಳಿದ್ದು ಇದನ್ನೇ. ಲಾಭದಲ್ಲಿ ಊರಿಗೆ ಪಾಲು ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹೆಸರಿಗೆ ಬಾಡಿಗೆ ಇಲ್ಲ.

ಪಕ್ಕದ ಶ್ರೀನಿವಾಸಪುರದ ತೋತಾಪುರಿ ಮಾವು ಇನ್ನೊಂದು ಬಗೆ. ಕೋಕಾ-ಕೋಲಾ ಕಂಪನಿ 1993ರಲ್ಲಿ ಪಾರ್ಲೆಯಿಂದ ಮಾಜಾ ಪಾನೀಯವನ್ನು ಕೊಂಡುಕೊಂಡು, ಹೆಸರನ್ನು ಹಾಗೆಯೇ ಉಳಿಸಿಕೊಂಡಿತು. ಕೋಲಾ ಕುಡಿಯದವರಿಗೆ ಮಾವಿನ ರಸ ಮಾರುವುದು ಕಂಪನಿಯ ದೃಷ್ಟಿಯಿಂದ ಯಶಸ್ವಿ ಗ್ಲೋಕಲೀಕರಣ. ಇಂಥ ಪಾನೀಯಗಳಿಗೆ ಬೇಕಾದ ತಿರುಳು ತಯಾರಿಸುವ ಕಾರ್ಖಾನೆಗಳು ಗಡಿಯಾಚೆ ಚಿತ್ತೂರು ಜಿಲ್ಲೆಯಲ್ಲಿ ದಟ್ಟವಾಗಿವೆ. ಶ್ರೀನಿವಾಸಪುರದ ತೋತಾಪುರಿಗೆ ಅವೇ ಮುಖ್ಯ ಗಿರಾಕಿ. 2025ರ ಜೂನಿನಲ್ಲಿ ಚಿತ್ತೂರಿನ ಆಡಳಿತ ತನ್ನ ರೈತರ ಬೆಲೆ ಕಾಯಲು ಕರ್ನಾಟಕದ ತೋತಾಪುರಿಯನ್ನು ಒಳಗೆ ಬಿಡದೆ ತಡೆದಾಗ ಹಣ್ಣು ಹೊತ್ತ ಗಾಡಿಗಳು ಗಡಿಯಲ್ಲಿ ನಿಂತವು, ಬೆಳೆಗಾರರು ರಸ್ತೆಗಿಳಿದರು. ಕುಡಿಯುವವನ ರುಚಿಗೆ ಕಂಪನಿ ಒಗ್ಗಿತು. ಬೆಳೆಯುವವನು ಕಂಪನಿಯ ಖರೀದಿಗೆ ಒಗ್ಗಬೇಕಾಯಿತು.

ಇಲ್ಲಿಂದ ಒಂದು ನಿಯಮ ಕಾಣುತ್ತದೆ. ಹೊಂದಾಣಿಕೆ ಯಾವಾಗಲೂ ಹಣ ಕೊಡುವವನ ಕಡೆಗೆ ವಾಲುತ್ತದೆ. ಸ್ಥಳೀಯರು ಗಿರಾಕಿಯಾಗಿರುವಲ್ಲಿ ಜಗತ್ತು ಅವರಿಗೆ ಬಾಗುತ್ತದೆ, ದುಡಿಯುವವರಾಗಿರುವಲ್ಲಿ ಅವರು ಜಗತ್ತಿಗೆ ಬಾಗುತ್ತಾರೆ. ಕಾಲ್ ಸೆಂಟರಿನಲ್ಲಿ ಇದು ಅತ್ಯಂತ ಸ್ಪಷ್ಟ.

ರಾತ್ರಿಪಾಳಿ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಫೋನಿನ ಮೇಲಿನ ಕೆಲಸ ಬರಲು ಇನ್ನೂ ಸುಮಾರು ಹದಿನೈದು ವರ್ಷ ಬೇಕಾಯಿತು, ಏಕೆಂದರೆ ಅಂತರರಾಷ್ಟ್ರೀಯ ಕರೆ ಬಹಳ ದುಬಾರಿಯಾಗಿತ್ತು. 1999ರ ಹೊಸ ದೂರಸಂಪರ್ಕ ನೀತಿ, 2002ರಲ್ಲಿ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯದ ಕೊನೆ, ಸಮುದ್ರದಡಿಯ ಕೇಬಲ್ಲುಗಳು ಕರೆಯ ದರವನ್ನು ಇಳಿಸಿದವು. ಅಮೆರಿಕದ ಬ್ಯಾಂಕು, ವಿಮಾನ, ಕಂಪ್ಯೂಟರ್ ಕಂಪನಿಗಳ ಗಿರಾಕಿಗಳು ಮಾಡುವ ಕರೆ ಬೆಂಗಳೂರಿನಲ್ಲಿ ರಿಂಗಣಿಸತೊಡಗಿತು. 2000ದಲ್ಲಿ ಇಲ್ಲಿ ಶುರುವಾದ 24/7 ಕಸ್ಟಮರ್ ಮೊದಮೊದಲ ಕಂಪನಿಗಳಲ್ಲೊಂದು. ವೈಟ್‌ಫೀಲ್ಡ್, ಮಹದೇವಪುರ, ಕೆ.ಆರ್. ಪುರದ ಕಡೆ ಕಚೇರಿಗಳು ಬೆಳೆದದ್ದು ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲಿನವರಿಗೆ ಅನುಕೂಲವಾಯಿತು. ಮಾಲೂರಿನವರು ರೈಲಿನಲ್ಲಿ ದಿನವೂ ಓಡಾಡಬಹುದು. ಮುಳಬಾಗಿಲಿಗೆ ಬೆಂಗಳೂರು ನೂರು ಕಿಲೋಮೀಟರಿನಷ್ಟು ದೂರ. ರಾತ್ರಿಪಾಳಿಯವರು ಪಿಜಿಯಲ್ಲಿ ಇರಲೇಬೇಕು.

ಮೊದಲು ಬಾಗುವುದು ದೇಹದ ಗಡಿಯಾರ. ನ್ಯೂಯಾರ್ಕಿಗಿಂತ ನಮ್ಮ ಗಡಿಯಾರ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದಿದೆ. ಅಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಸಂಜೆ ಏಳೂವರೆ. ಅಮೆರಿಕದವರು ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಕೂಡಲೇ ಇಲ್ಲಿನ ಪಾಳಿ ಆರೂವರೆಗೆ ಸರಿಯುತ್ತದೆ, ಕ್ಯಾಬಿನ ಪಟ್ಟಿ ಬದಲಾಗುತ್ತದೆ, ಪಿಜಿಯಲ್ಲಿ ಊಟ ಬೇಗ ಬೇಕಾಗುತ್ತದೆ. ನವೆಂಬರಿನ ಮೊದಲ ಭಾನುವಾರ ಎಲ್ಲವೂ ಹಿಂದಕ್ಕೆ. ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ದಿನ ಇಲ್ಲಿ ಕೆಲಸ ಹಗುರ. ಯುಗಾದಿಯ ದಿನ ಊರಿಗೆ ಹೋಗಲು ರಜೆ ಸಿಗುವುದು ತಂಡದ ನಾಯಕನ ಕೃಪೆ.

ಆಮೇಲೆ ಬಾಗುವುದು ನಾಲಿಗೆ. ತರಬೇತಿಯ ಕೊಠಡಿಯಲ್ಲಿ ಎಲ್ಲರ ಬಾಯಲ್ಲಿರುವ ಮೂರಕ್ಷರ ಎಂಟಿಐ, ಅಂದರೆ ಇಂಗ್ಲಿಷಿನ ಮೇಲೆ ತಾಯ್ನುಡಿಯ ಪ್ರಭಾವ. ಕನ್ನಡಿಗರಲ್ಲಿ ತರಬೇತಿದಾರರು ಗುರುತಿಸುವ ‘ತಪ್ಪು’ಗಳು ನಿಜಕ್ಕೂ ಕನ್ನಡದ ಧ್ವನಿನಿಯಮಗಳು. ಪದದ ಮೊದಲಲ್ಲಿ ಎಕಾರ ಬಂದರೆ ನಮ್ಮ ಬಾಯಿ ತಾನಾಗಿ ಯಕಾರ ಸೇರಿಸುತ್ತದೆ: ಎಂಟ್ರಿ ‘ಯೆಂಟ್ರಿ’ ಆಗುತ್ತದೆ. ಓಕಾರಕ್ಕೆ ವಕಾರ: ಓನ್ಲಿ ‘ವೋನ್ಲಿ’. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರದ ಬಾಲ: ಬ್ಯಾಂಕು, ಕಾರ್ಡು. ಎಲ್ಲಕ್ಕಿಂತ ಕಷ್ಟದ್ದು ಒತ್ತು. ಕನ್ನಡದಲ್ಲಿ ಅಕ್ಷರಗಳು ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ಉಳಿದವು ಅಡಗುತ್ತವೆ. ಒತ್ತು ತಪ್ಪಿದರೆ ಪ್ರತಿ ಅಕ್ಷರ ಸರಿಯಿದ್ದರೂ ಆಚೆಯವರಿಗೆ ಪದ ಸಿಗುವುದಿಲ್ಲ. ಕಲಿಸುವ ಉಚ್ಚಾರಕ್ಕೆ ‘ನ್ಯೂಟ್ರಲ್ ಆಕ್ಸೆಂಟ್’ ಎಂದು ಹೆಸರು. ಸಮಾಜಶಾಸ್ತ್ರಜ್ಞ ಎ. ಅನೀಶ್ 2015ರ ತಮ್ಮ ಪುಸ್ತಕಕ್ಕೆ ಅದನ್ನೇ ಹೆಸರಾಗಿಟ್ಟರು. ಆ ಉಚ್ಚಾರ ಜಗತ್ತಿನ ಯಾವ ಊರಿನದ್ದೂ ಅಲ್ಲ. ಮೊದಲ ವರ್ಷಗಳಲ್ಲಿ ಹೆಸರೂ ಬದಲಾಗುತ್ತಿತ್ತು. ರಾತ್ರಿಗೊಂದು ಅಮೆರಿಕನ್ ಹೆಸರು, ಹಗಲಿಗೆ ಮನೆಯವರಿಟ್ಟ ಹೆಸರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ನಡೆಸಿದ, 2006ರಲ್ಲಿ ಬಂದ ಅಧ್ಯಯನ ಈ ಉದ್ಯಮದ ಒಳಬದುಕನ್ನು ಬಿಡಿಸಿಟ್ಟ ಮೊದಲ ಗಟ್ಟಿ ಕೆಲಸಗಳಲ್ಲೊಂದು.

ಒಂದು ಕರೆಯನ್ನು ನೋಡೋಣ. ಕ್ರೆಡಿಟ್ ಕಾರ್ಡಿಗೆ ತಡವಾದ ಶುಲ್ಕ ಬಿದ್ದಿದೆ ಎಂದು ಸಿಟ್ಟಾದ ಗಿರಾಕಿ ಕರೆ ಮಾಡುತ್ತಾನೆ. ಬಾಯಿಪಾಠವಾದ ಸ್ವಾಗತ, ಹೆಸರು ಮತ್ತು ಖಾತೆಯ ಪರಿಶೀಲನೆ, ‘ನಿಮ್ಮ ಬೇಸರ ಅರ್ಥವಾಗುತ್ತದೆ’ ಎಂಬ ಸಹಾನುಭೂತಿಯ ವಾಕ್ಯ, ಎರಡು ಮೂರು ಪ್ರಶ್ನೆ, ತೆರೆಯ ಮೇಲೆ ಹಿಂದಿನ ಪಾವತಿಗಳ ನೋಟ, ನಿಯಮದೊಳಗಿದ್ದರೆ ಶುಲ್ಕ ಮನ್ನಾ, ‘ಇನ್ನೇನಾದರೂ ಸಹಾಯ ಬೇಕೇ’, ಕೊನೆಗೆ ಕರೆಯ ಕಾರಣವನ್ನು ಕೋಡಿನಲ್ಲಿ ದಾಖಲಿಸುವುದು. ಇಷ್ಟಕ್ಕೂ ಸಿಗುವುದು ಐದಾರು ನಿಮಿಷ. ಕರೆ ರೆಕಾರ್ಡ್ ಆಗಿರುತ್ತದೆ. ಗುಣಮಟ್ಟ ವಿಭಾಗದವರು ಕೆಲವನ್ನು ಆರಿಸಿ ಅಂಕ ಹಾಕುತ್ತಾರೆ. ಸಹಾನುಭೂತಿಯ ವಾಕ್ಯ ಬಿಟ್ಟುಹೋದರೆ ಅಂಕ ಕಡಿಮೆ, ಹೆಚ್ಚು ಹೊತ್ತು ಸಮಾಧಾನ ಹೇಳಿದರೆ ಸರಾಸರಿ ಸಮಯ ಏರುತ್ತದೆ. ಈ ಎರಡು ಅಳತೆಗಳ ನಡುವೆ ಸಿಕ್ಕಿಬೀಳುವುದೇ ಈ ಕೆಲಸದ ದಣಿವು. ಹೆಚ್ಚಿನವರು ಒಂದೆರಡು ವರ್ಷದಲ್ಲಿ ಬಿಡುವುದಕ್ಕೆ ನಿದ್ದೆಗೇಡಿನಷ್ಟೇ ಇದೂ ಕಾರಣ.

ಈ ದುಡಿಮೆಗೆ ಕಾನೂನೂ ಬಾಗಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರ ರಾತ್ರಿ ಕೆಲಸವನ್ನು ತಡೆದಿತ್ತು. 2002ರ ತಿದ್ದುಪಡಿ ಐಟಿ ಮತ್ತು ಅದನ್ನಾಧರಿಸಿದ ಸೇವೆಗಳಿಗೆ, ವಾಹನ ಮತ್ತು ರಕ್ಷಣೆ ಒದಗಿಸಬೇಕೆಂಬ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು. 2005ರ ಡಿಸೆಂಬರಿನಲ್ಲಿ ರಾತ್ರಿಪಾಳಿಗೆ ಹೊರಟ ಯುವತಿಯನ್ನು ಕ್ಯಾಬ್ ಚಾಲಕನೊಬ್ಬ ಕೊಂದ ಮೇಲೆ ಆ ಷರತ್ತು ಕಾಗದದ ಮೇಲಷ್ಟೇ ಇತ್ತೆಂಬುದು ಎಲ್ಲರಿಗೂ ಗೊತ್ತಾಯಿತು. ಹೆಂಗಸೊಬ್ಬಳೇ ಕ್ಯಾಬಿಗೆ ಮೊದಲು ಹತ್ತಬಾರದು, ಕೊನೆಗೆ ಇಳಿಯಬಾರದು, ಹಾಗಾದರೆ ಕಾವಲುಗಾರ ಜೊತೆಗಿರಬೇಕು ಎಂಬ ಪದ್ಧತಿ ಬಿಗಿಯಾದದ್ದು ಆಮೇಲೆ. ಕಾರ್ಖಾನೆಗಳದ್ದೂ ಇದೇ ದಾರಿ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರಿನಲ್ಲಿ ಸಂಬಳ ಮತ್ತು ಪಾಳಿಯ ತಕರಾರು ಗಲಭೆಯಾಗಿ ಸಿಡಿಯಿತು. ವೇತನ ಕೊಡುವುದರಲ್ಲಿ ಲೋಪವಾಗಿದ್ದನ್ನು ಕಂಪನಿಯೇ ಒಪ್ಪಿಕೊಂಡಿತು. 2023ರಲ್ಲಿ ರಾಜ್ಯ ಕಾರ್ಖಾನೆ ಕಾಯ್ದೆಯನ್ನು ತನ್ನ ಮಟ್ಟಿಗೆ ತಿದ್ದಿ ದಿನಕ್ಕೆ ಹನ್ನೆರಡು ಗಂಟೆವರೆಗಿನ ದುಡಿಮೆಗೆ ಅವಕಾಶ ಕೊಟ್ಟಿತು. ದುಡಿಯುವವರ ದೇಹ ಬಾಗಿದಷ್ಟು ಬಂಡವಾಳ ಬಾಗಲಿಲ್ಲ ಎಂದೇ ಹೇಳಬೇಕು.

ಕನ್ನಡದ ಸರತಿ

2010ರ ಸುಮಾರಿಗೆ ಇಂಗ್ಲಿಷ್ ಕರೆಗಳ ವ್ಯವಹಾರದಲ್ಲಿ ಫಿಲಿಪ್ಪೀನ್ಸ್ ಭಾರತವನ್ನು ಹಿಂದೆ ಹಾಕಿತು. ಅಷ್ಟರಲ್ಲಿ ಇನ್ನೊಂದು ಬಗೆಯ ಕಾಲ್ ಸೆಂಟರ್ ಬೆಳೆದಿತ್ತು. ಮೊಬೈಲು, ಡಿಟಿಎಚ್, ಬ್ಯಾಂಕು, ವಿಮೆ, ಆನ್‌ಲೈನ್ ಅಂಗಡಿಗಳ ಗಿರಾಕಿ ಹಳ್ಳಿಗಳವರೆಗೆ ಹರಡಿದ ಮೇಲೆ ಕಂಪನಿಗಳು ಕನ್ನಡದಲ್ಲಿ ಉತ್ತರ ಕೊಡಬೇಕಾಯಿತು. ಈ ದೇಶೀ ಕೆಲಸ ನಗರದ ಹೊರಗೂ ಹೋಯಿತು: 2008ರಲ್ಲಿ ಶುರುವಾದ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು, ಅದಕ್ಕೆ ಸ್ವಲ್ಪ ಮುಂಚಿನವರೆಗೂ ಕೋಲಾರ ಜಿಲ್ಲೆಗೇ ಸೇರಿದ್ದ ಬಾಗೇಪಲ್ಲಿಯಲ್ಲಿ ತೆರೆಯಿತು. ಸಂಬಳ ಬೆಂಗಳೂರಿನ ಅಮೆರಿಕನ್ ಪಾಳಿಗಿಂತ ಕಡಿಮೆ, ಆದರೆ ಹಗಲು ಕೆಲಸ, ಮನೆಯ ಊಟ, ಪಿಜಿಯ ಬಾಡಿಗೆ ಇಲ್ಲ.

ಕನ್ನಡದಲ್ಲಿ ಉತ್ತರಿಸುವುದು ಕಂಪನಿಗೆ ಯಾಕೆ ಭಾರ ಎಂಬುದಕ್ಕೆ ಲೆಕ್ಕವಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1917ರಲ್ಲಿ ಕೊಟ್ಟ ಸೂತ್ರಗಳಿಂದಲೇ ಇವತ್ತಿಗೂ ಎಷ್ಟು ಜನ ಕೂರಬೇಕೆಂದು ನಿರ್ಧರಿಸುತ್ತಾರೆ. ಪ್ರತಿ ಕರೆ ಆರು ನಿಮಿಷ, ಹತ್ತರಲ್ಲಿ ಒಂಬತ್ತು ಕರೆಯನ್ನಾದರೂ ಇಪ್ಪತ್ತು ಸೆಕೆಂಡಿನೊಳಗೆ ಎತ್ತಬೇಕು ಎಂದಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಹಿಂದಿಯ 100 ಕರೆ ಬಂದರೆ ಆರುನೂರು ನಿಮಿಷದ ಮಾತು, ಅಂದರೆ ಒಂದು ಕ್ಷಣವೂ ಬಿಡುವಿಲ್ಲದ ಇಪ್ಪತ್ತು ಜನರ ಕೆಲಸ. ಕರೆಗಳು ಒಮ್ಮೊಮ್ಮೆ ಗುಂಪಾಗಿ ಬರುವುದರಿಂದ ಸುಮಾರು 27 ಜನ ಬೇಕು. ಅದೇ ಹೊತ್ತಿನಲ್ಲಿ ಕನ್ನಡದ ಐದೇ ಕರೆ ಬಂದರೆ ಅದು ಒಬ್ಬರ ಕೆಲಸ, ಆದರೆ ಮೂವರನ್ನು ಕೂರಿಸಬೇಕು. ಒಬ್ಬರೇ ಇದ್ದರೆ ಎರಡನೆಯ ಕರೆಯವರು ಕಾಯುತ್ತಲೇ ಇರುತ್ತಾರೆ, ಮೂವರಿದ್ದರೆ ಮೂರರಲ್ಲಿ ಎರಡು ಪಾಲು ಹೊತ್ತು ಖಾಲಿ ಕೂರುತ್ತಾರೆ. ಚಿಕ್ಕ ಸರತಿ ಹೀಗೆ ಎರಡು ಪಟ್ಟಿಗಿಂತ ಹೆಚ್ಚು ದುಬಾರಿ. ಲೆಕ್ಕ ನೋಡಿದ ಮ್ಯಾನೇಜರ್ ಕನ್ನಡದ ಸಾಲನ್ನೇ ತೆಗೆದು ಹಿಂದಿಗೆ ಸೇರಿಸುವುದುಂಟು.

ಮುಳಬಾಗಿಲಿನ ಬೆಲೆ ಗೊತ್ತಾಗುವುದು ಇಲ್ಲಿಯೇ. ಈ ಊರಿನ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತು. ಉರ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಚಿನ್ನದ ಗಣಿಯ ಕಡೆ ಹೋದರೆ ತಮಿಳು. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿಯವರು ಕನ್ನಡದ ಆಸ್ತಿಯಾದ ಜಿಲ್ಲೆ ಇದು. ಕನ್ನಡ, ತೆಲುಗು, ತಮಿಳಿನ ತಲಾ ಐದು ಕರೆಗೆ ಬೇರೆಬೇರೆ ಮೂವರಂತೆ ಒಂಬತ್ತು ಜನ ಬೇಕಾದರೆ, ಮೂರೂ ಭಾಷೆ ಬಲ್ಲವರನ್ನು ಒಂದೇ ಸಾಲಿನಲ್ಲಿ ಕೂರಿಸಿದಾಗ ಅದೇ ವೇಗಕ್ಕೆ ಆರು ಜನ ಸಾಕು. ಅಮೆರಿಕನ್ ಪಾಳಿಯಲ್ಲಿ ದೋಷವೆಂದು ಅಂಕ ಕಳೆಯುತ್ತಿದ್ದ ತಾಯ್ನುಡಿ ಇಲ್ಲಿ ಮೂರು ಜನರ ಸಂಬಳ ಉಳಿಸುತ್ತದೆ. ಆ ಉಳಿತಾಯದಲ್ಲಿ ಒಂದು ಪಾಲು ಅವರಿಗೆ ಭಾಷಾಭತ್ಯೆಯಾಗಿ ಸಿಗಬೇಕಾದದ್ದು ನ್ಯಾಯ. ಬಯೋಡೇಟಾದಲ್ಲಿ ಇಂಗ್ಲಿಷೊಂದನ್ನೇ ಬರೆದು ಉಳಿದ ಭಾಷೆಗಳನ್ನು ಮುಚ್ಚಿಡುವ ಅಭ್ಯಾಸವನ್ನು ಇಲ್ಲಿನ ಯುವಕಯುವತಿಯರು ಬಿಡಬೇಕು. ಕೆಲಸಕ್ಕೆ ಸೇರುವಾಗಲೇ ಎಷ್ಟು ಭಾಷೆಯ ಕರೆ ತೆಗೆದುಕೊಳ್ಳಬೇಕೆಂದು ಕೇಳಿ, ಅದಕ್ಕೆ ಬೆಲೆ ಕೇಳಬೇಕು.

ಗಿರಾಕಿಯ ಕೈಯಲ್ಲೂ ಒಂದು ಅಧಿಕಾರವಿದೆ. ಮುಂದಿನ ತಿಂಗಳು ಕನ್ನಡಕ್ಕೆ ಎಷ್ಟು ಜನರನ್ನು ಕೂರಿಸಬೇಕು ಎಂಬುದನ್ನು ಕಂಪನಿ ಅಂದಾಜಿಸುವುದು ಹಿಂದಿನ ತಿಂಗಳುಗಳಲ್ಲಿ ಎಷ್ಟು ಜನ ಕನ್ನಡದ ಗುಂಡಿ ಒತ್ತಿದರು ಎಂಬುದರ ಮೇಲೆ. ಬೇಗ ಸಿಗುತ್ತದೆಂದು ಇಂಗ್ಲಿಷನ್ನೋ ಹಿಂದಿಯನ್ನೋ ಒತ್ತಿದ ಕರೆ ಆ ಭಾಷೆಯ ಲೆಕ್ಕಕ್ಕೇ ಸೇರುತ್ತದೆ. ಭಾಷೆ ಆರಿಸಿಕೊಳ್ಳಿ ಎಂದು ಫೋನು ಕೇಳಿದಾಗ ಕನ್ನಡವನ್ನೇ ಆರಿಸಿ, ಒಂದೆರಡು ನಿಮಿಷ ಕಾಯಬೇಕಾದರೂ ಕಾಯಿರಿ. ಕನ್ನಡದ ಆಯ್ಕೆಯೇ ಇಲ್ಲದಿದ್ದರೆ ದೂರು ದಾಖಲಿಸಿ ಅದರ ಸಂಖ್ಯೆ ಪಡೆದುಕೊಳ್ಳಿ.